ಅರ್ಧ ಗಂಟೆಯ ಮೌನ: ಓದುಗ ಹೊರಟುಹೋದನೇ, ಓದುತ್ತಿದ್ದಾನೆಯೇ?

ಪತ್ರಿಕೆಯು ಕಾಗದದ ಮೇಲೆ ಅಚ್ಚಾಗುತ್ತಿದ್ದ ಕಾಲದಲ್ಲಿ ಲೆಕ್ಕ ಸರಳವಾಗಿತ್ತು. ನಸುಕಿನಲ್ಲಿ ಗಾಂಧಿಬಜಾರಿನ ಮೂಲೆಗೆ ಎಷ್ಟು ಕಟ್ಟುಗಳು ಬಂದಿಳಿದವು, ಸಂಜೆ ಎಷ್ಟು ಪ್ರತಿಗಳು ಮಾರಾಟವಾಗದೆ ಹಿಂದಿರುಗಿದವು ಎಂಬುದಷ್ಟೇ ಗೊತ್ತಾಗುತ್ತಿತ್ತು. ಚಾಮರಾಜಪೇಟೆಯ ವಠಾರವೊಂದರಲ್ಲಿ ಒಂದೇ ಪ್ರತಿಯನ್ನು ಐದು ಮನೆಯವರು ಓದಿದರೂ, ಬಸವನಗುಡಿಯ ನಿವೃತ್ತರೊಬ್ಬರು ಸಂಪಾದಕೀಯಕ್ಕೇ ಒಂದು ಗಂಟೆ ಮೀಸಲಿಟ್ಟರೂ ಅದು ಯಾವ ಲೆಕ್ಕಕ್ಕೂ ಸೇರುತ್ತಿರಲಿಲ್ಲ.

ಅಂತರ್ಜಾಲದಲ್ಲಿ ಪರಿಸ್ಥಿತಿ ಬೇರೆ. ಓದುಗ ಪುಟ ತೆರೆದ ಕ್ಷಣ, ಕೊಂಡಿ ಒತ್ತಿದ ಕ್ಷಣ, ಎಲ್ಲವೂ ದಾಖಲಾಗುತ್ತದೆ. ಆದರೆ ಒಂದು ಸಂಗತಿ ಮಾತ್ರ ದಾಖಲಾಗುವುದಿಲ್ಲ. ಅದೆಂದರೆ ಓದುಗ ಯಾವಾಗ ಎದ್ದು ಹೋದ ಎಂಬುದು. ಹೋಗುವವರು ಹೇಳಿ ಹೋಗುವುದಿಲ್ಲ. ಪರದೆ ಆರುತ್ತದೆ, ಫೋನು ಜೇಬು ಸೇರುತ್ತದೆ, ಅಷ್ಟೆ. ಹೀಗಾಗಿ ‘ಭೇಟಿ’ ಎಂದರೇನು, ಅದು ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಲೆಕ್ಕ ಹಾಕುವವರೇ ತೀರ್ಮಾನಿಸಬೇಕಾಗುತ್ತದೆ. ಜಗತ್ತಿನಾದ್ಯಂತ ರೂಢಿಗೆ ಬಂದಿರುವ ತೀರ್ಮಾನ ಇದು: ಒಬ್ಬನೇ ಬಳಕೆದಾರನ ಎರಡು ಅನುಕ್ರಮ ಕ್ರಿಯೆಗಳ ನಡುವೆ ಮೂವತ್ತು ನಿಮಿಷ ಕಳೆದರೆ ಹಳೆಯ ಭೇಟಿ ಮುಗಿಯಿತು, ಹೊಸತು ಆರಂಭವಾಯಿತು. ತಂತ್ರಜ್ಞರು ಇಂಥ ಒಂದೊಂದು ಭೇಟಿಯನ್ನು ‘ಸೆಷನ್’ ಎಂದು ಕರೆಯುತ್ತಾರೆ.

ಈ ಒಂದು ಸಾಲಿನ ನಿಯಮದ ಮೇಲೆ ಜಾಲತಾಣಗಳ ಭೇಟಿ ಸಂಖ್ಯೆ, ಸರಾಸರಿ ಓದಿನ ಅವಧಿ, ಒಂದೇ ಪುಟ ನೋಡಿ ಹೋದವರ ಪ್ರಮಾಣ ಎಲ್ಲವೂ ನಿಂತಿವೆ. ಯಾವ ಬಗೆಯ ಬರಹ ಮುಂದುವರಿಯಬೇಕು, ಯಾವುದು ನಿಲ್ಲಬೇಕು ಎಂಬ ನಿರ್ಧಾರಗಳೂ ಅನೇಕ ಕಡೆ ಈ ಅಂಕಿಗಳನ್ನೇ ಆಧರಿಸುತ್ತವೆ. ಆದ್ದರಿಂದ ನಿಯಮ ಏನನ್ನು ಅಳೆಯುತ್ತದೆ, ಏನನ್ನು ಅಳೆಯಲಾರದು ಎಂಬುದನ್ನು ಸಾವಧಾನವಾಗಿ ನೋಡುವುದು ಅಗತ್ಯ.

ಲೆಕ್ಕ ನಡೆಯುವ ಬಗೆ

ಸರ್ವರಿನ ಲಾಗ್ ಕಡತದಲ್ಲಿ ಎಲ್ಲ ಓದುಗರ ಕ್ರಿಯೆಗಳೂ ಬಂದ ಕ್ರಮದಲ್ಲಿ ಬೆರೆತು ಬಿದ್ದಿರುತ್ತವೆ. ಮಲ್ಲೇಶ್ವರದವರ ಒಂದು ಸಾಲಿನ ಕೆಳಗೆ ಮಂಗಳೂರಿನವರದು, ಅದರ ಕೆಳಗೆ ಕಲಬುರಗಿಯವರದು. ಮೊದಲ ಕೆಲಸ ಇವನ್ನು ಬಳಕೆದಾರರ ಪ್ರಕಾರ ವಿಂಗಡಿಸುವುದು. ಎರಡನೆಯದು ಪ್ರತಿಯೊಬ್ಬರ ಸಾಲುಗಳನ್ನು ಸಮಯದ ಕ್ರಮದಲ್ಲಿ ಜೋಡಿಸುವುದು. ಮೂರನೆಯದು ಪ್ರತಿ ಸಾಲಿನ ಸಮಯದಿಂದ ಅದರ ಹಿಂದಿನ ಸಾಲಿನ ಸಮಯವನ್ನು ಕಳೆಯುವುದು. ಸಿಕ್ಕ ಅಂತರ ಮೂವತ್ತು ನಿಮಿಷಕ್ಕಿಂತ ಹೆಚ್ಚಿದ್ದರೆ ಆ ಸಾಲಿಗೆ ‘1’ ಎಂದು, ಇಲ್ಲವಾದರೆ ‘0’ ಎಂದು ಗುರುತು ಹಾಕುವುದು ನಾಲ್ಕನೆಯದು. ಕೊನೆಗೆ ಈ ಗುರುತುಗಳನ್ನು ಮೇಲಿನಿಂದ ಕೆಳಕ್ಕೆ ಕೂಡುತ್ತ ಹೋದರೆ ಪ್ರತಿ ಸಾಲಿನ ಎದುರು ಬರುವ ಮೊತ್ತವೇ ಆ ಬಳಕೆದಾರನ ಭೇಟಿಯ ಕ್ರಮಸಂಖ್ಯೆ. ದತ್ತಸಂಚಯದ ಭಾಷೆಯಲ್ಲಿ, ಪೋಸ್ಟ್‌ಗ್ರೆಸ್ ಮಾದರಿಯಲ್ಲಿ, ಇದಿಷ್ಟನ್ನೂ ಹೀಗೆ ಬರೆಯಬಹುದು:

```sql
SELECT user_id, ts,
  SUM(is_new) OVER (PARTITION BY user_id ORDER BY ts) AS session_no
FROM (
  SELECT user_id, ts,
    CASE WHEN ts - LAG(ts) OVER (PARTITION BY user_id ORDER BY ts)
              <= INTERVAL '30 minutes'
         THEN 0 ELSE 1 END AS is_new
  FROM events
) t;
```

ಇಲ್ಲಿ `LAG` ಎಂಬುದು ಹಿಂದಿನ ಸಾಲಿನ ಸಮಯವನ್ನು ತಂದುಕೊಡುತ್ತದೆ. ಒಬ್ಬ ಓದುಗನ ಮೊತ್ತಮೊದಲ ಸಾಲಿಗೆ ಹಿಂದಿನದು ಎಂಬುದೇ ಇರುವುದಿಲ್ಲ. ಆಗ ಹೋಲಿಕೆ ನಿಜವೂ ಆಗದೆ ಸುಳ್ಳೂ ಆಗದೆ ಉಳಿದು, `ELSE` ಭಾಗಕ್ಕೆ ಬಂದು, ತಾನಾಗಿಯೇ ‘1’ ಎಂಬ ಗುರುತು ಪಡೆಯುತ್ತದೆ. ಷರತ್ತನ್ನು ತಿರುಗಿಸಿ, ‘ಮೂವತ್ತಕ್ಕಿಂತ ಹೆಚ್ಚಿದ್ದರೆ 1, ಇಲ್ಲವಾದರೆ 0’ ಎಂದು ಬರೆದರೆ ಇದೇ ಮೊದಲ ಸಾಲು ‘0’ ಆಗಿಬಿಡುತ್ತದೆ. ಗುರುತುಗಳನ್ನು ಕೂಡಿ ಭೇಟಿಗಳನ್ನು ಎಣಿಸುವವರಿಗೆ ಪ್ರತಿ ಓದುಗನ ಲೆಕ್ಕದಲ್ಲೂ ಒಂದೊಂದು ಭೇಟಿ ಮಾಯವಾಗುತ್ತದೆ. ಭೇಟಿಗಳ ಸಂಖ್ಯೆ ಓದುಗರ ಸಂಖ್ಯೆಗಿಂತ ಕಡಿಮೆ ಬಂದರೆ ಈ ತಪ್ಪು ನುಸುಳಿದೆ ಎಂದೇ ತಿಳಿಯಬೇಕು.

ಇನ್ನೊಂದು ಅಂಶವನ್ನು ನೆನಪಿಡಬೇಕು. ಭೇಟಿಯ ಅವಧಿ ಎಂದರೆ ಅದರ ಮೊದಲ ಕ್ರಿಯೆಯಿಂದ ಕೊನೆಯ ಕ್ರಿಯೆಯವರೆಗಿನ ಸಮಯ. ಕೊನೆಯ ಪುಟವನ್ನು ತೆರೆದ ಮೇಲೆ ಅದನ್ನು ಎಷ್ಟು ಹೊತ್ತು ಓದಲಾಯಿತು ಎಂಬುದು ಇದರಲ್ಲಿ ಸೇರುವುದಿಲ್ಲ. ಒಂದೇ ಪುಟದ ಭೇಟಿಯ ಅವಧಿ ಸೊನ್ನೆ.

ಬಸವನಗುಡಿಯ ಒಂದು ಬೆಳಗು

ಉದಾಹರಣೆಗೆ, ಬಸವನಗುಡಿಯ ನಿವೃತ್ತ ಬ್ಯಾಂಕ್ ಉದ್ಯೋಗಿಯೊಬ್ಬರನ್ನು ಕಲ್ಪಿಸಿಕೊಳ್ಳೋಣ. ಬೇಗ ಏಳುವ ರೂಢಿ. ಸುದ್ದಿ ತಾಣವೊಂದರಲ್ಲಿ ಅವರ ಒಂದು ಮುಂಜಾನೆಯ ಕ್ರಿಯೆಗಳು ಹೀಗಿವೆ ಎಂದುಕೊಳ್ಳಿ:

5.22 – ಮುಖಪುಟ
5.26 – ರಾಜ್ಯ ಸುದ್ದಿ
5.41 – ನಗರ ಸುದ್ದಿ
6.18 – ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನ ಚರಿತ್ರೆಯನ್ನು ಕುರಿತ ಸುದೀರ್ಘ ಲೇಖನ
6.52 – ಅದೇ ಮಾಲಿಕೆಯ ಹಿಂದಿನ ಕಂತು
7.05 – ಕ್ರೀಡಾಪುಟ

ನಡುವಣ ಅಂತರಗಳು ಕ್ರಮವಾಗಿ 4, 15, 37, 34 ಮತ್ತು 13 ನಿಮಿಷ. ಮೂವತ್ತನ್ನು ದಾಟಿದವು ಎರಡು. ಆದ್ದರಿಂದ ಗಣಕದ ಲೆಕ್ಕದಲ್ಲಿ ಮೂರು ಭೇಟಿಗಳಾದವು. ಮೊದಲನೆಯದು 5.22ರಿಂದ 5.41ರವರೆಗೆ, 19 ನಿಮಿಷ. ಎರಡನೆಯದು 6.18ರ ಒಂದೇ ಪುಟ, ಅವಧಿ ಸೊನ್ನೆ. ಮೂರನೆಯದು 6.52ರಿಂದ 7.05ರವರೆಗೆ, 13 ನಿಮಿಷ. ಒಟ್ಟು 32 ನಿಮಿಷ.

ನಿಜವಾಗಿ ನಡೆದದ್ದೇನು? ನಗರ ಸುದ್ದಿಯ ಮೇಲೆ ಕಣ್ಣಾಡಿಸಿದ ಕೂಡಲೇ ಅವರು ಫೋನನ್ನು ಮನೆಯಲ್ಲೇ ಬಿಟ್ಟು ಕೃಷ್ಣರಾವ್ ಉದ್ಯಾನದಲ್ಲಿ ಒಂದು ಸುತ್ತು ಹಾಕಿ ಬಂದರು. ಆ 37 ನಿಮಿಷದ ಮೌನ ನಿಜವಾದ ನಿರ್ಗಮನ. ಅಲ್ಲಿ ನಿಯಮದ ತೀರ್ಪು ಸರಿ. ಬಂದ ಮೇಲೆ ಕಾಫಿ ಲೋಟ ಹಿಡಿದು ಪರಿಷತ್ತಿನ ಲೇಖನವನ್ನು ಆರಂಭದಿಂದ ಕೊನೆಯವರೆಗೆ, ಕೆಲವು ಭಾಗಗಳನ್ನು ಎರಡೆರಡು ಸಲ, ಓದಿದರು. ಮೆಚ್ಚುಗೆಯಾದುದರಿಂದಲೇ ಹಿಂದಿನ ಕಂತನ್ನು ಹುಡುಕಿ ತೆರೆದರು. ಆ 34 ನಿಮಿಷದ ಮೌನ ನಿರ್ಗಮನವಲ್ಲ, ಆ ದಿನದ ಅತ್ಯಂತ ಗಾಢವಾದ ಓದು. ಅಲ್ಲಿ ನಿಯಮದ ತೀರ್ಪು ತಪ್ಪು. 6.18ರಿಂದ 7.05ರವರೆಗಿನದು ಒಂದೇ ಭೇಟಿ, 47 ನಿಮಿಷದ್ದು.

ಈ ತಪ್ಪಿನ ಹೊರೆ ಬೀಳುವುದು ಯಾವುದರ ಮೇಲೆ ಎಂಬುದನ್ನು ಗಮನಿಸಿ. 4 ನಿಮಿಷದಲ್ಲಿ ಓದಿ ಮುಗಿಸಿದ ಮುಖಪುಟಕ್ಕೆ 4 ನಿಮಿಷದ ಪೂರ್ಣ ಅಂಕ ಸಿಕ್ಕಿತು. 34 ನಿಮಿಷ ಓದಿಸಿಕೊಂಡ ಲೇಖನಕ್ಕೆ ಸೊನ್ನೆ ಸಿಕ್ಕಿತು. ಅಷ್ಟೇ ಅಲ್ಲ, ‘ಬಂದರು, ಒಂದೇ ಪುಟ ನೋಡಿದರು, ಹೊರಟುಹೋದರು’ ಎಂಬ ವರ್ಗಕ್ಕೂ ಅದು ಸೇರಿತು. ಇಂತಹ ನೂರು ಓದುಗರ ವರದಿ ಮೇಜಿನ ಮೇಲೆ ಬಂದಾಗ, ದೀರ್ಘ ಲೇಖನಗಳನ್ನು ಯಾರೂ ಓದುವುದಿಲ್ಲ ಎಂಬ ನಿರ್ಣಯಕ್ಕೆ ಸಂಪಾದಕರು ಬಂದರೆ ಅವರನ್ನು ದೂಷಿಸುವಂತಿಲ್ಲ. ಅಂಕಿಗಳು ಹೇಳುತ್ತಿರುವುದು ಅದನ್ನೇ. ಆದರೆ ಆ ಅಂಕಿಗಳು ಅಳೆದದ್ದು ಓದನ್ನಲ್ಲ, ಬೆರಳಿನ ಚಲನೆಯನ್ನು.

ಹಾಗಾದರೆ ಮಿತಿಯನ್ನು 40 ನಿಮಿಷಕ್ಕೆ ಏರಿಸಿದರಾಯಿತಲ್ಲ ಎನ್ನಬಹುದು. ಆಗ ಉದ್ಯಾನದ ಸುತ್ತಾಟವೂ ಓದಿನೊಳಗೆ ಸೇರಿ, 103 ನಿಮಿಷದ ಒಂದೇ ಭೇಟಿ ಎಂದಾಗುತ್ತದೆ. 35 ನಿಮಿಷದ ಮಿತಿ ಇಟ್ಟರೆ ಈ ಓದುಗರ ಈ ಒಂದು ಬೆಳಗಿನ ಮಟ್ಟಿಗೆ ಲೆಕ್ಕ ಸರಿಹೋಗುತ್ತದೆ, ಮರುದಿನ ಅವರು ಸುತ್ತಾಟವನ್ನು ಬೇಗ ಮುಗಿಸಿದರೆ ಮತ್ತೆ ಕೆಡುತ್ತದೆ. ಸಮಯದ ಅಂತರವೊಂದನ್ನೇ ನೋಡಿ ಓದಿನ ಮೌನವನ್ನು ನಿರ್ಗಮನದ ಮೌನದಿಂದ ಬೇರ್ಪಡಿಸಬಲ್ಲ ಸಂಖ್ಯೆ ಯಾವುದೂ ಇಲ್ಲ.

ಮೂವತ್ತು ಬಂದದ್ದು ಎಲ್ಲಿಂದ?

ಈ ಸಂಖ್ಯೆಯ ಮೂಲ ಅಮೆರಿಕದ ಜಾರ್ಜಿಯಾ ತಂತ್ರಜ್ಞಾನ ಸಂಸ್ಥೆಯ ಒಂದು ಅಧ್ಯಯನ. ಲಾರಾ ಕ್ಯಾಟ್ಲೆಡ್ಜ್ ಮತ್ತು ಜೇಮ್ಸ್ ಪಿಟ್ಕೋ ಎಂಬ ಸಂಶೋಧಕರು 1994ರ ಆಗಸ್ಟ್‌ನಲ್ಲಿ ಸುಮಾರು ಮೂರು ವಾರ ಕಾಲ, ತಮ್ಮ ಗಣಕ ವಿಭಾಗದಲ್ಲಿ ಮೊಸಾಯಿಕ್ ಬ್ರೌಸರ್ ಬಳಸುತ್ತಿದ್ದವರ ಕ್ರಿಯೆಗಳನ್ನು ದಾಖಲಿಸಿಕೊಂಡರು. ಎರಡು ಕ್ರಿಯೆಗಳ ನಡುವಣ ಸರಾಸರಿ ಅಂತರ 9.3 ನಿಮಿಷ ಎಂದು ಕಂಡುಬಂತು. ಆ ಸರಾಸರಿಗೆ ಪ್ರಮಾಣ ವಿಚಲನೆಯ, ಅಂದರೆ ಅಂತರಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬುದರ ಅಳತೆಯ, ಒಂದೂವರೆ ಪಟ್ಟನ್ನು ಕೂಡಿಸಿದಾಗ 25.5 ನಿಮಿಷ ಬಂತು. ಅದಕ್ಕಿಂತ ದೀರ್ಘವಾದ ಮೌನವನ್ನು ಅವರು ಹೊಸ ಭೇಟಿಯ ಗುರುತಾಗಿ ತೆಗೆದುಕೊಂಡು, 1995ರಲ್ಲಿ ಅಧ್ಯಯನವನ್ನು ಪ್ರಕಟಿಸಿದರು. ಬಳಿಕ ಬಂದವರು 25.5ನ್ನು ಅನುಕೂಲಕ್ಕಾಗಿ 30ಕ್ಕೆ ಏರಿಸಿಕೊಂಡರು. ಗೂಗಲ್ ಸಂಸ್ಥೆ 2005ರಲ್ಲಿ ಹೊರತಂದ ಅನಲಿಟಿಕ್ಸ್ ಸೇವೆಯೂ ಇದನ್ನೇ ಸಹಜ ಮಿತಿಯಾಗಿ ಇರಿಸಿಕೊಂಡುದರಿಂದ ರೂಢಿ ಗಟ್ಟಿಯಾಯಿತು.

ಭಾರತದಲ್ಲಿ ಜನಸಾಮಾನ್ಯರಿಗೆ ಅಂತರ್ಜಾಲ ಸೇವೆ ದೊರೆಯತೊಡಗಿದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಅಂದರೆ ಕನ್ನಡದ ಓದುಗ ಜಾಲಕ್ಕೆ ಕಾಲಿಡುವ ಮೊದಲೇ, ಅಮೆರಿಕದ ಒಂದು ಗಣಕ ವಿಭಾಗದವರ ಮೂರು ವಾರಗಳ ಅಭ್ಯಾಸದಿಂದ ಅವನ ಮೌನಕ್ಕೆ ಮಿತಿ ನಿಗದಿಯಾಗಿತ್ತು. ಸಂಶೋಧಕರ ತಪ್ಪು ಇದರಲ್ಲಿಲ್ಲ. ಅವರು ತಮ್ಮ ದತ್ತಾಂಶಕ್ಕೆ ತಕ್ಕ ಮಿತಿಯನ್ನು ತಮ್ಮ ದತ್ತಾಂಶದಿಂದಲೇ ಲೆಕ್ಕ ಹಾಕಿಕೊಂಡಿದ್ದರು. ಉಳಿದವರು ಅವರ ವಿಧಾನವನ್ನು ಬಿಟ್ಟು ಉತ್ತರವನ್ನಷ್ಟೇ ಎತ್ತಿಕೊಂಡರು.

ಬೆಳಗಿನ ಐದೂವರೆಯ ಬಿರುಕು

ನಮ್ಮ ಓದುಗರ ಬೆಳಗಿಗೇ ಮರಳೋಣ. ಭಾರತೀಯ ಕಾಲಮಾನಕ್ಕೇ ವಿಶಿಷ್ಟವಾದ ಒಂದು ತೊಡಕು ಅದರಲ್ಲಿ ಅಡಗಿದೆ. ಬಹುಪಾಲು ಸರ್ವರುಗಳು ಸಮಯವನ್ನು ಅಂತರರಾಷ್ಟ್ರೀಯ ಪ್ರಮಾಣ ಕಾಲದಲ್ಲಿ ಬರೆದಿಡುತ್ತವೆ. ಅದು ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ಅಲ್ಲಿ ನಡುರಾತ್ರಿ ಹನ್ನೆರಡಾಗಿ ತಾರೀಖು ಬದಲಾಗುವಾಗ ಬೆಂಗಳೂರಿನಲ್ಲಿ ಮುಂಜಾನೆ ಐದೂವರೆ. ಸುದ್ದಿ ಓದುವ ಹೊತ್ತು.

ಅಂತರವನ್ನು ಕಳೆಯುವ ಲೆಕ್ಕಕ್ಕೆ ಇದರಿಂದ ಬಾಧೆಯಿಲ್ಲ. ಎರಡೂ ಸಮಯಗಳು ಒಂದೇ ಗಡಿಯಾರದವಾದರೆ ಅಂತರವೂ ಒಂದೇ. ಕಷ್ಟ ಬರುವುದು ಲಾಗ್ ಕಡತಗಳನ್ನು ದಿನಕ್ಕೊಂದರಂತೆ ಕತ್ತರಿಸಿಟ್ಟು, ಪ್ರತಿ ದಿನದ ಕಡತವನ್ನು ಪ್ರತ್ಯೇಕವಾಗಿ ಲೆಕ್ಕಕ್ಕೆ ತೆಗೆದುಕೊಂಡಾಗ. ನಮ್ಮ ಓದುಗರ 5.26ರ ಕ್ರಿಯೆ ಪ್ರಮಾಣ ಕಾಲದಲ್ಲಿ ಹಿಂದಿನ ದಿನದ 23.56. 5.41ರ ಕ್ರಿಯೆ ಮರುದಿನದ 00.11. ಎರಡೂ ಬೇರೆ ಬೇರೆ ಕಡತಗಳಲ್ಲಿವೆ. ಹೊಸ ಕಡತದಲ್ಲಿ 5.41ಕ್ಕೆ ಹಿಂದಿನ ಸಾಲು ಇಲ್ಲವಾದುದರಿಂದ, ಕೇವಲ 15 ನಿಮಿಷದ ಅಂತರವಿದ್ದರೂ ಅದು ಹೊಸ ಭೇಟಿ ಎನಿಸಿಕೊಳ್ಳುತ್ತದೆ. 19 ನಿಮಿಷದ ಭೇಟಿ 4 ನಿಮಿಷದ್ದೊಂದು, ಸೊನ್ನೆಯದೊಂದು ಎಂದು ಒಡೆಯುತ್ತದೆ. ಒಟ್ಟು ಭೇಟಿಗಳು ನಾಲ್ಕಾಗಿ, ಒಟ್ಟು ಅವಧಿ 32ರಿಂದ 17 ನಿಮಿಷಕ್ಕೆ ಇಳಿಯುತ್ತದೆ. ಒಂದು ಗಂಟೆಗೂ ಮೀರಿ ಓದಿದವರ ಹೆಸರಿನಲ್ಲಿ ಉಳಿದದ್ದು ಹದಿನೇಳೇ ನಿಮಿಷ.

ಈ ದೋಷವನ್ನು ಪತ್ತೆ ಹಚ್ಚುವುದು ಸುಲಭ. ಹೊಸ ಭೇಟಿಗಳು ಆರಂಭವಾದ ನಿಮಿಷಗಳನ್ನು ಇಡೀ ದಿನಕ್ಕೆ ಸಾಲಾಗಿ ಎಣಿಸಬೇಕು. ನಿತ್ಯವೂ ಐದೂವರೆಯಾಗುತ್ತಲೇ ಸಂಖ್ಯೆ ಹಠಾತ್ತನೆ ನೆಗೆದು, ಕೆಲವೇ ನಿಮಿಷಗಳಲ್ಲಿ ಮತ್ತೆ ಇಳಿದರೆ ಅದು ಓದುಗರ ಕೆಲಸವಲ್ಲ, ಕತ್ತರಿಯ ಕೆಲಸ. ಪ್ರತಿ ದಿನದ ಲೆಕ್ಕಕ್ಕೆ ಹಿಂದಿನ ದಿನದ ಕೊನೆಯ ಭಾಗವನ್ನೂ ಸೇರಿಸಿಕೊಂಡು, ಭೇಟಿಯನ್ನು ಅದು ಆರಂಭವಾದ ದಿನಕ್ಕೆ ಜಮೆ ಮಾಡುವುದು ಪರಿಹಾರ. ಗೂಗಲ್ ಅನಲಿಟಿಕ್ಸ್‌ನ ಹಳೆಯ ಆವೃತ್ತಿಯೂ ತಾಣದ ಮಾಲೀಕರು ಆಯ್ದ ಕಾಲಮಾನದ ಮಧ್ಯರಾತ್ರಿಗೆ ಭೇಟಿಗಳನ್ನು ಕಡಿಯುತ್ತಿತ್ತು. ಆ ಆವೃತ್ತಿ 2023ರ ಜುಲೈ 1ರಿಂದ ಹೊಸ ದತ್ತಾಂಶ ಸ್ವೀಕರಿಸುವುದನ್ನು ನಿಲ್ಲಿಸಿತು. ಅದರ ಜಾಗಕ್ಕೆ ಬಂದ ನಾಲ್ಕನೆಯ ಆವೃತ್ತಿ ಹಾಗೆ ಕಡಿಯುವುದಿಲ್ಲ. ಆದ್ದರಿಂದ ಈ ಎರಡು ಕಾಲದ ಭೇಟಿ ಸಂಖ್ಯೆಗಳನ್ನು ಅಕ್ಕಪಕ್ಕ ಇಟ್ಟು ಓದುಗರು ಕಡಿಮೆಯಾದರೆಂದು ಕೊರಗುವುದು ಸಲ್ಲದು.

ಮೌನವೇ ಇಲ್ಲದ ವಿಳಾಸ

ಇದಕ್ಕೆ ತದ್ವಿರುದ್ಧವಾದ ತಪ್ಪೂ ಉಂಟು. ಎರಡು ಸಾವಿರದ ದಶಕದಲ್ಲಿ ಮಲ್ಲೇಶ್ವರ, ಬಸವನಗುಡಿಗಳ ಅಡ್ಡರಸ್ತೆಗಳಲ್ಲಿದ್ದ ಸೈಬರ್ ಕೆಫೆಗಳನ್ನು ನೆನಪಿಸಿಕೊಳ್ಳಿ. ಹತ್ತು ಗಣಕಗಳಿಗೆ ಒಂದೇ ಸಂಪರ್ಕ, ಹೊರಜಗತ್ತಿಗೆ ಕಾಣುವುದು ಒಂದೇ ಐಪಿ ವಿಳಾಸ. ಐಪಿ ವಿಳಾಸವನ್ನೇ ‘ಬಳಕೆದಾರ’ ಎಂದು ಭಾವಿಸಿದ ಲಾಗ್ ಲೆಕ್ಕದಲ್ಲಿ ಒಬ್ಬರು ಎದ್ದು ಹೋಗುವ ಮುನ್ನವೇ ಇನ್ನೊಬ್ಬರು ಕುಳಿತಿರುತ್ತಿದ್ದರು. ಅರ್ಧ ಗಂಟೆಯ ಮೌನ ಬರುತ್ತಲೇ ಇರಲಿಲ್ಲ. ಬೆಳಿಗ್ಗೆ ಬಾಗಿಲು ತೆರೆದಾಗಿನಿಂದ ರಾತ್ರಿ ಮುಚ್ಚುವವರೆಗೆ ಒಬ್ಬನೇ ಮಹಾನುಭಾವ ಎಡೆಬಿಡದೆ ಓದಿದಂತೆ ಲೆಕ್ಕ ತೋರುತ್ತಿತ್ತು.

ಕೆಫೆಗಳು ಬಹುತೇಕ ಮರೆಯಾದರೂ ಸಮಸ್ಯೆ ಮರೆಯಾಗಿಲ್ಲ. ಮೊಬೈಲ್ ಕಂಪನಿಗಳು ಇಂದಿಗೂ ಅನೇಕ ಗ್ರಾಹಕರನ್ನು ಒಂದೇ ವಿಳಾಸದ ಹಿಂದೆ ನಿಲ್ಲಿಸುತ್ತವೆ. ಬ್ರೌಸರಿನಲ್ಲಿ ‘ಕುಕಿ’ ಎಂಬ ಗುರುತುಚೀಟಿ ಇರಿಸುವುದರಿಂದ ಈ ಬೆರಕೆ ತಪ್ಪುತ್ತದೆ. ಆದರೆ ಅದೇ ಓದುಗ ಫೋನಿನಿಂದ ಮನೆಯ ಗಣಕಕ್ಕೆ ಬದಲಾಯಿಸಿದೊಡನೆ ಇಬ್ಬರಾಗಿ ಕಾಣುತ್ತಾನೆ. ಯಾರ ಮೌನ ಎಂಬುದೇ ಖಚಿತವಿಲ್ಲದಿದ್ದರೆ ಅದನ್ನು ಎಷ್ಟು ನಿಮಿಷಕ್ಕೆ ಕತ್ತರಿಸಿದರೂ ಪ್ರಯೋಜನವಿಲ್ಲ. ಹನ್ನೆರಡು ಗಂಟೆ ಉದ್ದದ ಭೇಟಿಗಳು ಪಟ್ಟಿಯಲ್ಲಿ ಕಂಡರೆ ಮಿತಿಯನ್ನು ಶಂಕಿಸುವ ಮೊದಲು ಗುರುತನ್ನು ಶಂಕಿಸಬೇಕು.

ಕಣಿವೆಯನ್ನು ಹುಡುಕುವುದು

ಹಾಗಾದರೆ ಸರಿಯಾದ ದಾರಿ ಯಾವುದು? ಮೊದಲನೆಯದಾಗಿ, ಕ್ಯಾಟ್ಲೆಡ್ಜ್ ಮತ್ತು ಪಿಟ್ಕೋ ಮಾಡಿದಂತೆ ತಮ್ಮದೇ ಓದುಗರ ಅಂತರಗಳನ್ನು ನೋಡುವುದು. ಆದರೆ ಸರಾಸರಿಯ ಮೂಲಕ ಅಲ್ಲ. ಅಂತರಗಳಲ್ಲಿ ಹೆಚ್ಚಿನವು ಸೆಕೆಂಡುಗಳು, ಕೆಲವು ಗಂಟೆಗಳು, ಇನ್ನು ಕೆಲವು ದಿನಗಳು. ಕೆಲವೇ ದೀರ್ಘ ಅಂತರಗಳು ಸರಾಸರಿಯನ್ನು ಎಳೆದೊಯ್ಯುತ್ತವೆ. ಬದಲಿಗೆ ಅಂತರಗಳನ್ನು ಇಮ್ಮಡಿಯಾಗುತ್ತ ಹೋಗುವ ಗುಂಪುಗಳಲ್ಲಿ ಎಣಿಸಬೇಕು: ಒಂದು ನಿಮಿಷದವರೆಗೆ, ಎರಡು, ನಾಲ್ಕು, ಎಂಟು, ಹದಿನಾರು ಹೀಗೆ. ನಕ್ಷೆ ಬರೆದಾಗ ಸಾಮಾನ್ಯವಾಗಿ ಎರಡು ದಿಬ್ಬಗಳು ಕಾಣುತ್ತವೆ. ಎಡಗಡೆಯದು ಓದುತ್ತ ಓದುತ್ತ ಪುಟ ಬದಲಿಸಿದವರದು. ಬಲಗಡೆಯದು ಹೋಗಿ ಮತ್ತೆ ಬಂದವರದು. ಎರಡರ ನಡುವಣ ಕಣಿವೆಯಲ್ಲಿ ಮಿತಿಯನ್ನು ಇಟ್ಟರೆ ತಪ್ಪು ತೀರ್ಪುಗಳು ಕಡಿಮೆಯಾಗುತ್ತವೆ.

ವಿಕಿಪೀಡಿಯದ ಸಂಪಾದನೆಗಳೂ ಸೇರಿದಂತೆ ಹಲವು ಬಗೆಯ ತಾಣಗಳ ದಾಖಲೆಗಳನ್ನು ಆರನ್ ಹಾಫೇಕರ್ ಮತ್ತು ಸಂಗಡಿಗರು ಹೀಗೆಯೇ ಪರೀಕ್ಷಿಸಿ, 2015ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಸುಮಾರು ಒಂದು ಗಂಟೆಯ ಮಿತಿ ಹೆಚ್ಚು ಸೂಕ್ತವೆಂದು ಸೂಚಿಸಿದರು. ಕನ್ನಡ ವಿಕಿಪೀಡಿಯದಲ್ಲಿ ಲೇಖನ ಬರೆಯುವವರನ್ನು ನೆನೆದರೆ ಇದರ ಔಚಿತ್ಯ ತಿಳಿಯುತ್ತದೆ. ಒಂದು ಪ್ಯಾರಾ ಬರೆದು ಉಳಿಸಿ, ಪುಸ್ತಕ ತೆರೆದು ಇಸವಿಯನ್ನು ತಾಳೆ ನೋಡಿ, ಮುಂದಿನ ಪ್ಯಾರಾ ಉಳಿಸುವ ಹೊತ್ತಿಗೆ ಅರ್ಧ ಗಂಟೆ ಸಲೀಸಾಗಿ ಕಳೆದಿರುತ್ತದೆ. ಅದು ಎರಡು ಬಾರಿಯ ಕೆಲಸವಲ್ಲ.

ಎರಡನೆಯ ದಾರಿ ಇನ್ನೂ ನೇರವಾದುದು. ಮಿತಿಯನ್ನು ಬದಲಿಸುವ ಬದಲು ಮೌನವನ್ನೇ ಕಡಿಮೆ ಮಾಡುವುದು. ಓದುಗ ಲೇಖನದ ಕಾಲುಭಾಗ, ಅರ್ಧ, ಮುಕ್ಕಾಲು ದಾಟಿ ಕೆಳಗೆ ಸರಿದಾಗಲೆಲ್ಲ ಪುಟವು ಒಂದೊಂದು ಸಂಕೇತ ಕಳಿಸುವಂತೆ ಮಾಡಬಹುದು. ನಮ್ಮ ಓದುಗರ ಪರಿಷತ್ತಿನ ಲೇಖನದಿಂದ 6.27, 6.35, 6.44ಕ್ಕೆ ಅಂತಹ ಸಂಕೇತಗಳು ಬಂದವೆನ್ನಿ. 34 ನಿಮಿಷದ ಮೌನ 9, 8, 9, 8 ನಿಮಿಷಗಳ ನಾಲ್ಕು ತುಣುಕುಗಳಾಗುತ್ತದೆ. ಉದ್ಯಾನದ 37 ನಿಮಿಷ ಹಾಗೆಯೇ ಉಳಿಯುತ್ತದೆ, ಏಕೆಂದರೆ ಆಗ ಯಾರೂ ಓದುತ್ತಿರಲಿಲ್ಲ. ಹಳೆಯ ಮೂವತ್ತರ ಮಿತಿಯೇ ಈಗ ಎರಡು ಭೇಟಿಗಳನ್ನು ಸರಿಯಾಗಿ ಗುರುತಿಸುತ್ತದೆ: 19 ನಿಮಿಷ ಮತ್ತು 47 ನಿಮಿಷ. ಇದಕ್ಕೂ ಮಿತಿಯಿದೆ. ಒಂದೇ ಪರದೆಯಲ್ಲಿ ಮುಗಿಯುವ ಬರಹವನ್ನು ಎಷ್ಟು ಹೊತ್ತು ನೋಡಿದರೂ ಕೆಳಗೆ ಸರಿಯುವ ಪ್ರಮೇಯವಿಲ್ಲ. ಮತ್ತು ಸಂಕೇತಗಳನ್ನು ಅಳವಡಿಸಿದ ದಿನದಿಂದ ಭೇಟಿಗಳ ಸಂಖ್ಯೆ ಇಳಿದು ಅವಧಿ ಏರುತ್ತದೆ. ಓದುಗರು ಬದಲಾಗಿಲ್ಲ, ಅಳತೆಗೋಲು ಬದಲಾಗಿದೆ. ಆ ದಿನಾಂಕವನ್ನು ವರದಿಯಲ್ಲಿ ಬರೆದಿಡದಿದ್ದರೆ ವರ್ಷದ ನಂತರ ನೋಡುವವರು ದಾರಿ ತಪ್ಪುತ್ತಾರೆ.

ಯಾವುದೇ ತಾಣದ ಸರಾಸರಿ ಓದು ಇಷ್ಟು ನಿಮಿಷ ಎಂಬ ಅಂಕಿ ಮುಂದೆ ಬಂದಾಗ ಮೂರು ಪ್ರಶ್ನೆಗಳನ್ನು ಕೇಳಬಹುದು. ಯಾರನ್ನು ಒಬ್ಬ ಓದುಗ ಎಂದು ಎಣಿಸಿದಿರಿ? ದಿನವನ್ನು ಯಾವ ಗಡಿಯಾರದ ಪ್ರಕಾರ ಕತ್ತರಿಸಿದಿರಿ? ಓದುಗ ಸುಮ್ಮನೆ ಓದುತ್ತ ಕುಳಿತಾಗ ನಿಮ್ಮ ಲೆಕ್ಕಕ್ಕೆ ಅದು ತಿಳಿಯುತ್ತದೆಯೇ? ಮೂರಕ್ಕೂ ಉತ್ತರ ದೊರೆಯುವವರೆಗೆ, ದೀರ್ಘ ಲೇಖನಗಳಿಗೆ ಓದುಗರಿಲ್ಲ ಎಂಬ ತೀರ್ಮಾನವನ್ನು ತಡೆಹಿಡಿಯುವುದೇ ಲೇಸು.